ವಿದೇಶದ ಮನೆ ಮಾಲೀಕರಿಗೆ ಮೆಷಿನ್‌ಗಳ ಬಗ್ಗೆ ಪತ್ರ: ಏನು ಕೇಳಬೇಕು?

ಪ್ರಶ್ನೆ: ನನ್ನ ಚಿಕ್ಕಮ್ಮ ಕೆಲಸದ ಮೇಲೆ ಜರ್ಮನಿಯಲ್ಲಿದ್ದಾರೆ. ಬಾಡಿಗೆ ಮನೆಯ ಡಿಶ್‌ವಾಷರ್, ಹೀಟರ್ ಎಲ್ಲದರ ಮೇಲೂ ಜರ್ಮನ್‌ನಲ್ಲೇ ಬರೆದಿದೆ. ಅವರಿಗೆ ಇಂಗ್ಲಿಷ್ ಮಾತ್ರ ಗೊತ್ತು. ವಿವರ ಇಂಗ್ಲಿಷಿನಲ್ಲಿ ಕೊಡಿ ಅಂತ ಮಾಲೀಕರಿಗೆ ನಾನು ಪತ್ರ ಬರೆಯಬಹುದಾ?

ಬಾಡಿಗೆ ಮನೆಗಳನ್ನು ನೋಡಿಕೊಳ್ಳುವವರು: ಬರೆಯುವುದು ನೀವಾದರೂ ಪತ್ರ ಚಿಕ್ಕಮ್ಮನ ಹೆಸರಲ್ಲಿ, ಅವರ ಸಹಿಯಲ್ಲಿ, ಅವರ ಇಮೇಲ್‌ನಿಂದ ಹೋಗಲಿ. ಒಪ್ಪಂದದಲ್ಲಿ ಇಲ್ಲದವರಿಗೆ ಮಾಲೀಕರು ಉತ್ತರ ಕೊಡದೇ ಇರಬಹುದು.

ಮೆಷಿನ್ ಬಳಸುವುದು ಹೇಗೆ ಅಂತ ಹೇಳುವ ಇಡೀ ಪುಸ್ತಕ ಅನುವಾದ ಮಾಡಿ ಕೊಡಿ ಅಂತ ಮಾತ್ರ ಕೇಳಬೇಡಿ. ಡಿಶ್‌ವಾಷರ್ ಬಾಗಿಲು ತೆರೆದರೆ ಅಂಚಿನಲ್ಲಿ ಮಾಡೆಲ್ ನಂಬರಿನ ಚೀಟಿ ಇರುತ್ತದೆ. ಅದನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿದರೆ ಇಂಗ್ಲಿಷ್ ಪುಸ್ತಕ ಸಾಮಾನ್ಯವಾಗಿ ಸಿಗುತ್ತದೆ.

ಆ ಪುಸ್ತಕದಲ್ಲಿ ಇಲ್ಲದ್ದನ್ನೇ ಮಾಲೀಕರಿಂದ ಕೇಳಬೇಕು. ನೀರಿನ ಗಡಸುತನದ ಸೆಟ್ಟಿಂಗ್ ಬದಲಿಸುವುದು ಹೇಗೆ ಅಂತ ಪುಸ್ತಕ ಹೇಳುತ್ತದೆ. ಆ ಊರಿನ ನೀರು ಎಷ್ಟು ಗಡಸು ಅಂತ ಅದಕ್ಕೆ ಹೇಗೆ ಗೊತ್ತಿರಬೇಕು? ಗ್ಲಾಸಿನ ಮೇಲೆ ಒರೆಸಿದರೆ ಹೋಗುವ ಬಿಳಿ ಪದರ ಕೂರುತ್ತಿದ್ದರೆ, ಆ ಸೆಟ್ಟಿಂಗ್ ಕಡಿಮೆ ಇದೆ ಅಥವಾ ಮೆಷಿನ್‌ಗೆ ಹಾಕುವ ವಿಶೇಷ ಉಪ್ಪು ಖಾಲಿಯಾಗಿದೆ ಅಂತ ಅನುಮಾನಿಸಿ.

ನಾನಾದರೆ ಹೀಗೆ ಬರೆಯುತ್ತೇನೆ:

"ನಮಸ್ಕಾರ. ನಾನು ನಿಮ್ಮ ಮೂರನೇ ಮಹಡಿಯ ಬಾಡಿಗೆದಾರಳು. ಡಿಶ್‌ವಾಷರ್‌ನ ಮಾಡೆಲ್ ಚೀಟಿ ಮತ್ತು ಬಟನ್‌ಗಳ ಫೋಟೊ ಕಳಿಸಿದ್ದೇನೆ. ಇಲ್ಲಿನ ನೀರಿಗೆ ಯಾವ ಗಡಸುತನದ ಸೆಟ್ಟಿಂಗ್ ಇಟ್ಟಿದ್ದೀರಿ? ಅಡುಗೆಮನೆಯ ನೀರು ನಿಲ್ಲಿಸುವ ವಾಲ್ವ್ ಎಲ್ಲಿದೆ? ಹೀಟರಿಗೆ ಬಿಸಿನೀರು ಕಳಿಸುವ ಬಾಯ್ಲರ್‌ನಲ್ಲಿ ನಾನು ಯಾವ ಬಟನ್ ಮುಟ್ಟಬಹುದು, ಯಾವುದನ್ನು ಮುಟ್ಟಬಾರದು? ಎರಡು ವಾರದೊಳಗೆ ಸರಳ ಇಂಗ್ಲಿಷಿನಲ್ಲಿ, ಫೋಟೊ ಮೇಲೆ ಗುರುತು ಮಾಡಿ ಕಳಿಸಿದರೂ ಸಾಕು."

ಕೆಳಗೆ ಇದರದೇ ಜರ್ಮನ್ ಅನುವಾದ ಹಾಕಿ. ಮಾಲೀಕರಿಗೂ ಇಂಗ್ಲಿಷ್ ಕಷ್ಟ ಇರಬಹುದು, ಅಲ್ವಾ?

ಒಬ್ಬ ಸದಸ್ಯ: ಬಳಸುವವರ ಭಾಷೆಯಲ್ಲೇ ಪುಸ್ತಕ ಕೊಡಬೇಕು ಅಂತ ಯುರೋಪಿನಲ್ಲಿ ಕಾನೂನಿದೆ. ಸೀದಾ ಅದನ್ನೇ ಬರೆಯಿರಿ.

ಮನೆ ನೋಡಿಕೊಳ್ಳುವವರು: ಅರ್ಧ ಸರಿ. ಆ ನಿಯಮ ಮೆಷಿನ್ ಮಾರುವವರಿಗೆ, ಅದೂ ಮಾರುವ ದೇಶದ ಭಾಷೆಗೆ. ಬಾಡಿಗೆದಾರರ ಭಾಷೆಗಲ್ಲ. ಮೊದಲ ಪತ್ರದಲ್ಲೇ ಕಾನೂನು ಎತ್ತಿದರೆ ಸುಮ್ನೆ ಮನಸ್ತಾಪ.

ಇನ್ನೊಬ್ಬರು: ನಮ್ಮ ಮಾಲೀಕರು ಫ್ರಿಜ್ ರಿಪೇರಿಯನ್ನೇ ಮಾಡಿಸುತ್ತಿಲ್ಲ. ಇದೇ ಪತ್ರ ಕಳಿಸಲಾ?

ಮನೆ ನೋಡಿಕೊಳ್ಳುವವರು: ಬೇಡ. ಅದು ದೂರು, ಇದು ಮಾಹಿತಿ ಕೇಳುವ ಪತ್ರ. ಎರಡನ್ನೂ ಸೇರಿಸಿದರೆ ಎರಡಕ್ಕೂ ಉತ್ತರ ಬರುವುದಿಲ್ಲ.

ಪ್ರಶ್ನೆ ಕೇಳಿದವರು: ಚಿಕ್ಕಮ್ಮನನ್ನು ಕೇಳಿದೆ. ಬಾಯ್ಲರ್ ನೆಲಮಾಳಿಗೆಯಲ್ಲಿದೆಯಂತೆ, ಬೀಗ ಹಾಕಿದೆ. ಮನೆಯೊಳಗೆ ಹೀಟರ್ ಮೇಲೆ 1ರಿಂದ 5ರವರೆಗೆ ಅಂಕಿ ಇರುವ ತಿರುಗುಬಟನ್ ಮಾತ್ರ. ಬೇಗ ಬೆಚ್ಚಗಾಗಲಿ ಅಂತ 5ರಲ್ಲಿ ಇಡುತ್ತಾರೆ.

ಮನೆ ನೋಡಿಕೊಳ್ಳುವವರು: ಹಾಗಿದ್ದರೆ ಬಾಯ್ಲರ್ ಸಾಲು ತೆಗೆದುಬಿಡಿ. ಆ ಅಂಕಿ ವೇಗದ್ದಲ್ಲ, ಕೋಣೆ ಎಷ್ಟು ಬೆಚ್ಚಗಾದ ಮೇಲೆ ನಿಲ್ಲಬೇಕು ಅನ್ನುವುದರದ್ದು. 3 ಅಂದರೆ ಸುಮಾರು 20 ಡಿಗ್ರಿ. 5ರಲ್ಲಿಟ್ಟರೂ ಬೇಗ ಬೆಚ್ಚಗಾಗುವುದಿಲ್ಲ, ಖರ್ಚು ಜಾಸ್ತಿ. ರಾತ್ರಿ ಹೊತ್ತು ಬಾಯ್ಲರಿನ ಬಿಸಿಯನ್ನೇ ತಗ್ಗಿಸುತ್ತಾರಾ ಅಂತ ಮಾತ್ರ ಪತ್ರದಲ್ಲಿ ಕೇಳಿ.