ಕಾರ್ ಲೋನ್ ಮುಗಿದ ಮೇಲೆ ಆ ಹನ್ನೆರಡು ಸಾವಿರ ಎಲ್ಲಿಗೆ?

ಪ್ರಶ್ನೆ (ಕುವೆಂಪುನಗರ, ಮೈಸೂರು): ಸರ್, ಸೆಪ್ಟೆಂಬರ್ 5ಕ್ಕೆ ನಮ್ಮ ಕಾರಿನ ಕೊನೆ ಕಂತು. ತಿಂಗಳಿಗೆ 12,000 ಉಳಿಯುತ್ತೆ. ಹಿಂದೆ ಸ್ಕೂಟರ್ ಸಾಲ ಮುಗಿದಾಗಲೂ ಹೀಗೇ ಅಂದುಕೊಂಡಿದ್ವಿ, ಆರು ತಿಂಗಳಲ್ಲಿ ಆ ದುಡ್ಡು ಎಲ್ಲಿ ಹೋಯ್ತು ಅಂತಲೇ ಗೊತ್ತಾಗಲಿಲ್ಲ. ಮನೆ ಸಾಲ ಇನ್ನೂ 18 ಲಕ್ಷ ಇದೆ, 12 ವರ್ಷ, ಬಡ್ಡಿ 8.5, ಕಂತು ಹತ್ತಿರ ಹತ್ತಿರ 20,000. ಕಂತೂ ಸೇರಿ ಮನೆ ಖರ್ಚು 45,000. ಕೈಯಲ್ಲಿ ಉಳಿತಾಯ ಅಂತ ಇರೋದು 60,000. ಏನು ಮಾಡಲಿ?

ಉತ್ತರ (ಹಣಕಾಸು ಸಲಹೆಗಾರರು, ಸರಸ್ವತಿಪುರಂ): ಮೇಡಂ, ನಿಮ್ಮ ಮನೆ ಈಗ 12,000 ಇಲ್ಲದೆಯೇ ನಡೆಯುತ್ತಿದೆ. ಆ ಅಭ್ಯಾಸ ನಿಮ್ಮ ಆಸ್ತಿ. ಅದು ಮುರಿಯೋದು ಕಂತು ಕಟ್ ಆಗದ ಮೊದಲ ತಿಂಗಳಲ್ಲೇ. ನಿಮಗೆ ಆ ತಿಂಗಳು ಅಕ್ಟೋಬರ್, ದಸರಾ. ಆಮೇಲೆ ದೀಪಾವಳಿ. ಹಬ್ಬದ ಬಟ್ಟೆ, ನೆಂಟರು, ಒಂದೆರಡು ಸಲ ಹೋಟೆಲ್ ಊಟ, ಯಾವುದೂ ದುಂದು ಅನ್ನಿಸಲ್ಲ. ಜನವರಿ ಹೊತ್ತಿಗೆ ಅದೇ ನಿಮ್ಮ ಮಾಮೂಲಿ ಖರ್ಚಾಗಿರುತ್ತೆ.

ಹಾಗಾಗಿ ದುಡ್ಡು ಉಳಿದ ಮೇಲೆ ಯೋಚನೆ ಮಾಡೋದು ಬೇಡ. ಸೆಪ್ಟೆಂಬರ್ ಕೊನೆ ವಾರದಲ್ಲೇ, ಕಂತು ಕಟ್ ಆಗುತ್ತಿದ್ದ ಅದೇ ಖಾತೆಯಿಂದ, 10,000ಕ್ಕೆ ಒಂದು ವರ್ಷದ ಆರ್‌ಡಿ ತೆರೆಯಿರಿ. ಅಕ್ಟೋಬರ್‌ನಿಂದ ಪ್ರತಿ ತಿಂಗಳು 5ನೇ ತಾರೀಕು ತಾನಾಗೇ ಕಟ್ ಆಗುವ ಹಾಗೆ ಇರಲಿ. ಮೊದಲ ಕಂತನ್ನು ತೆರೆದ ದಿನವೇ ತಗೊಂಡು, ಮುಂದೆ ಅದೇ ತಾರೀಕಿಗೆ ಹಿಡಿಯೋ ಬ್ಯಾಂಕ್‌ಗಳೂ ಇವೆ. ಹಾಗಿದ್ದರೆ ಅಕ್ಟೋಬರ್ 5ಕ್ಕೇ ತೆರೆಯಿರಿ, ಒಂದು ದಿನವೂ ಮುಂದೆ ಹೋಗದಿರಲಿ.

ಉಳಿದ 2,000 ಮನೆಗೆ ಕೊಡಿ. ಪೂರ್ತಿ 12,000 ಬಿಗಿಹಿಡಿದವರು ಎರಡು ಮೂರು ತಿಂಗಳಲ್ಲಿ ಆರ್‌ಡಿ ಮುರಿಸೋದನ್ನು ನಾನು ತುಂಬ ನೋಡಿದ್ದೇನೆ. ಆದರೆ ಆ 2,000 ಯಾವುದಕ್ಕೆ ಅಂತ ಮೊದಲೇ ಇಬ್ಬರೂ ಕೂತು ಮಾತಾಡಿಕೊಳ್ಳಿ.

ಸದಸ್ಯರು (ವಿಜಯನಗರ, ನಿವೃತ್ತ ಬ್ಯಾಂಕ್ ನೌಕರರು): ಆರ್‌ಡಿ ಯಾಕೆ ಸರ್? ಅದರಲ್ಲಿ ಬರೋ ಬಡ್ಡಿ 8.5ಕ್ಕಿಂತ ಕಡಿಮೆ, ಮೇಲೆ ತೆರಿಗೆ ಬೇರೆ. ಪೂರ್ತಿ 12,000 ಮನೆ ಸಾಲಕ್ಕೇ ಹಾಕಲಿ. ಫ್ಲೋಟಿಂಗ್ ಬಡ್ಡಿ ಸಾಲಕ್ಕೆ ಮುಂಗಡ ಕಟ್ಟಿದರೆ ದಂಡವೂ ಇಲ್ಲ.

ಉತ್ತರ: ಬಡ್ಡಿ ಲೆಕ್ಕ ನೀವು ಹೇಳಿದ್ದೇ ಸರಿ ಸರ್, ದಂಡದ ಮಾತೂ ಸರಿ. ಆದರೆ ಇವರ ಕೈಯಲ್ಲಿ ಇರೋದು 60,000. ಒಂದೂವರೆ ತಿಂಗಳ ಖರ್ಚೂ ಆಗಲ್ಲ. ಮನೆ ಸಾಲಕ್ಕೆ ಹೋದ ದುಡ್ಡು, ಓವರ್‌ಡ್ರಾಫ್ಟ್ ರೀತಿಯ ಸಾಲ ಆಗಿದ್ದರೆ ಬಿಟ್ಟು, ಬೇಕಾದಾಗ ವಾಪಸ್ ಬರಲ್ಲ. ಮನೆಯಲ್ಲಿ ಒಬ್ಬರು ಆಸ್ಪತ್ರೆ ಸೇರಿದರೆ ಪರ್ಸನಲ್ ಲೋನ್‌ಗೆ ಓಡಬೇಕು, ಅದರ ಬಡ್ಡಿ 8.5ಕ್ಕೆ ಸಿಗಲ್ಲ. ಒಂದು ವರ್ಷದ ಆರ್‌ಡಿಯಿಂದ 1,20,000 ಸೇರಿದರೆ ಕೈಯಲ್ಲಿ 1,80,000, ಅಂದರೆ ನಾಲ್ಕು ತಿಂಗಳ ಖರ್ಚು. ಆಮೇಲೆ ಧೈರ್ಯವಾಗಿ ನಿಮ್ಮ ದಾರಿಗೆ ಬರಬಹುದು.

ಇಲ್ಲೇ ಇನ್ನೊಂದು ಹಳ್ಳ ಇದೆ. ಆರ್‌ಡಿ ಮುಗಿದ ದಿನ ಅಷ್ಟೂ ದುಡ್ಡು ಉಳಿತಾಯ ಖಾತೆಗೆ ಬಂದು ಬೀಳುತ್ತೆ. ಸಾಲ ಮುಗಿದಾಗ ಆಗೋದೇ ಇಲ್ಲೂ ಆಗೋದು, ಈ ಸಲ ಒಟ್ಟಿಗೆ ಲಕ್ಷ. ಅವಧಿ ಮುಗಿಯೋ ಮೊದಲೇ ಬ್ಯಾಂಕಿಗೆ ಹೇಳಿ ಅದನ್ನು ಎಫ್‌ಡಿ ಮಾಡಿಸಿ. ತಿಂಗಳ 10,000ಕ್ಕೂ ಮುಂದಿನ ಜಾಗ ಆಗಲೇ ಗೊತ್ತಿರಲಿ. 6,000 ಮನೆ ಸಾಲಕ್ಕೆ, 4,000 ಹೊಸ ಆರ್‌ಡಿಗೆ, ಮುಂದಿನ ಕಾರಿನ ಹೆಸರಲ್ಲಿ. ಈ ಕಾರು ಎಂಟು ಹತ್ತು ವರ್ಷ ಓಡಿದರೆ ಮುಂದಿನದಕ್ಕೆ ಸಾಲ ಅಷ್ಟು ಕಡಿಮೆ ಸಾಕಾಗುತ್ತೆ.

ಪ್ರಶ್ನೆ ಕೇಳಿದವರು: 6,000 ಜಾಸ್ತಿ ಕಟ್ಟಿದರೆ ಎಷ್ಟು ವ್ಯತ್ಯಾಸ ಆಗುತ್ತೆ ಸರ್?

ಉತ್ತರ: ಮುಂದಿನ ವರ್ಷ ಈ ಹೊತ್ತಿಗೆ ನಿಮ್ಮ ಬಾಕಿ ಸುಮಾರು 17.1 ಲಕ್ಷ ಇರುತ್ತೆ, 11 ವರ್ಷ ಬಾಕಿ. 20,000 ಬದಲು 26,000 ಕಟ್ಟುತ್ತಾ ಹೋದರೆ ಏಳೂವರೆ ವರ್ಷದಲ್ಲಿ ಮುಗಿಯುತ್ತೆ. ಬಡ್ಡಿ ಇದೇ 8.5 ಇದ್ದರೆ, ಬಡ್ಡಿಯಲ್ಲೇ ಮೂರು ಲಕ್ಷಕ್ಕೂ ಜಾಸ್ತಿ ಉಳಿತಾಯ.

ಆದರೆ ಬ್ಯಾಂಕಿಗೆ ಒಂದು ಮಾತು ಬರವಣಿಗೆಯಲ್ಲೇ ಕೊಡಿ: ಕಂತು ಹಾಗೇ ಇರಲಿ, ಅವಧಿ ಕಡಿಮೆ ಮಾಡಿ. ಹೇಳದಿದ್ದರೆ ಕೆಲವು ಕಡೆ ಅವಧಿ ಹಾಗೇ ಇಟ್ಟು ಕಂತು ಇಳಿಸಿಬಿಡುತ್ತಾರೆ. ಕಂತು 20,000ದಿಂದ 19,930 ಆಯ್ತು ಅಂದುಕೊಳ್ಳಿ, ಆ 70 ರೂಪಾಯಿ ಮತ್ತೆ ಮನೆ ಖರ್ಚಿಗೇ ಸೇರುತ್ತೆ. ಪ್ರತಿ ತಿಂಗಳು ಹೀಗೇ ಇಳಿದರೆ, ಎರಡು ಮೂರು ವರ್ಷದಲ್ಲಿ ನೀವು ಕಷ್ಟಪಟ್ಟು ಕಟ್ಟಿದ್ದರಲ್ಲಿ ಒಂದು ಪಾಲು ಬೇರೆ ಬಾಗಿಲಿಂದ ಖರ್ಚಿಗೆ ಹೋಗಿರುತ್ತೆ. ಎರಡು ಕಂತು ಆದ ಮೇಲೆ ಹೊಸ ಮರುಪಾವತಿ ಪಟ್ಟಿ ತರಿಸಿ ನೋಡಿ. ಕಂತಿನ ಮೊತ್ತ ಹಳೆಯದೇ ಇದ್ದು, ಕೊನೆ ಕಂತಿನ ತಾರೀಕು ಹತ್ತಿರ ಬಂದಿರಬೇಕು.

ಕಂತನ್ನೇ 26,000ಕ್ಕೆ ಏರಿಸಿಬಿಟ್ಟರೆ ಈ ತಾಪತ್ರಯ ಇಲ್ಲ. ಆದರೆ ಹಿಂದೆ ಸಹಿ ಮಾಡಿದ ಆಟೋ ಡೆಬಿಟ್ ಮ್ಯಾಂಡೇಟ್‌ನಲ್ಲಿ ಒಂದು ಗರಿಷ್ಠ ಮೊತ್ತ ಇರುತ್ತೆ. ಹೊಸ ಕಂತು ಅದನ್ನು ದಾಟಿದರೆ ಹೊಸ ಮ್ಯಾಂಡೇಟ್ ಬೇಕು. ಇಲ್ಲದಿದ್ದರೆ ಕಂತು ಬೌನ್ಸ್ ಆಗುತ್ತೆ.

ಸದಸ್ಯರು (ಪಾಂಡವಪುರ ಕಡೆ): ನಂದೂ ಟ್ರ್ಯಾಕ್ಟರ್ ಸಾಲ ಮುಗೀತಾ ಬಂತು ಅಣ್ಣ. ಮೊದಲೇ ಪೂರ್ತಿ ಕಟ್ಟಿ ಮುಗಿಸಿಬಿಡಲಾ? ನಮಗೆ ತಿಂಗಳ ಸಂಬಳ ಇಲ್ಲ, ಕಬ್ಬಿನ ಬಿಲ್ ಬಂದಾಗ ಬಂತು. ಆರು ತಿಂಗಳಿಗೊಮ್ಮೆ 70,000 ಕಂತು.

ಉತ್ತರ: ಅವರು ಕೇಳಿದ್ದು ಸಾಲ ಮುಗಿದ ಮೇಲಿನ ಮಾತು, ನಿಮ್ಮದು ಬೇರೆ. ಆದರೂ ಹೇಳ್ತೀನಿ. ಒಂದೇ ಕಂತು ಉಳಿದಿದ್ದರೆ ಮೊದಲೇ ಕಟ್ಟಿ ಉಳಿಯೋ ಬಡ್ಡಿ ಹೆಚ್ಚೇನಿಲ್ಲ, ಮುಂಗಡಕ್ಕೆ ಶುಲ್ಕ ಇದೆಯಾ ಅಂತ ಮೊದಲು ಕೇಳಿ. ಜೊತೆಗೆ ಸೊಸೈಟಿಯ ಬೆಳೆ ಸಾಲವೂ ಇದ್ದು, ಅದು ಶೂನ್ಯ ಬಡ್ಡಿಯದಾದರೆ ಗಡುವಿನೊಳಗೆ ಕಟ್ಟಿದರೆ ಸಾಕು, ಬೇಗ ತೀರಿಸಿ ಲಾಭ ಇಲ್ಲ. ಗಡುವು ತಪ್ಪಿದರೆ ಮಾತ್ರ ಬಡ್ಡಿ ಬೀಳುತ್ತೆ.

ಮುಗಿದ ಮೇಲೆ ನಿಮಗೆ ತಿಂಗಳ ಆರ್‌ಡಿ ಹೊಂದಲ್ಲ. ಕಬ್ಬಿನ ದುಡ್ಡು ಖಾತೆಗೆ ಬಿದ್ದ ದಿನವೇ, ಬೇರೆ ಯಾರಿಗೂ ಕೊಡೋ ಮೊದಲು, ಕಂತಿನಷ್ಟೇ ಮೊತ್ತವನ್ನು ಎಫ್‌ಡಿ ಮಾಡಿ. ಬಿಲ್ ತಡವಾದ ಸಲ ಅರ್ಧವಾದರೂ ಹಾಕಿ.

ಪ್ರಶ್ನೆ ಕೇಳಿದವರು: ತುಂಬ ಥ್ಯಾಂಕ್ಸ್ ಸರ್. ನಮ್ಮೆಜಮಾನ್ರು ಮಾತ್ರ ಆ 6,000 ಮನೆ ಸಾಲಕ್ಕಲ್ಲ, ಎಸ್‌ಐಪಿಗೆ ಹೋಗಲಿ ಅಂತಾರೆ. ಜೊತೆಗೆ ಬ್ಯಾಂಕಿನವರು ಈಗಲೇ ಫೋನ್ ಮಾಡಿ, ನಿಮ್ಮ ಟ್ರ್ಯಾಕ್ ಚೆನ್ನಾಗಿದೆ, ಇನ್ನೊಂದು ಸಾಲ ರೆಡಿ ಇದೆ ಅಂತಿದ್ದಾರೆ.

ಉತ್ತರ: ಫೋನ್‌ಗೆ ಬೇಡ ಅನ್ನಿ. ಕಂತು ಮುಗಿಯೋ ಹೊತ್ತಿಗೇ ಆ ಕರೆ ಬರೋದು. ಎಸ್‌ಐಪಿ ವಿಚಾರದಲ್ಲಿ ನಾನು ತೀರ್ಪು ಕೊಡಲ್ಲ. ಹತ್ತು ವರ್ಷ ಮುಟ್ಟದೆ ಇಡೋ ಹಾಗಿದ್ದರೆ 8.5ಕ್ಕಿಂತ ಜಾಸ್ತಿ ಬರಬಹುದು, ಬರದೇನೂ ಇರಬಹುದು. ಮನೆ ಸಾಲದ ಉಳಿತಾಯ ಖಚಿತ. ಮಾರುಕಟ್ಟೆ ಬಿದ್ದ ವರ್ಷ ನಿಮ್ಮೆಜಮಾನ್ರು ನಿಲ್ಲಿಸದೆ ಕಟ್ಟುತ್ತಾರಾ, ಅದು ನಿಮಗಿಬ್ಬರಿಗೇ ಗೊತ್ತು. ಹೇಗೂ ಒಂದು ವರ್ಷ ಆರ್‌ಡಿ ನಡೀತಿರುತ್ತೆ, ಅಷ್ಟರಲ್ಲಿ ಮಾತಾಡಿ ತೀರ್ಮಾನ ಮಾಡಿ. ಎಸ್‌ಐಪಿ ಆದರೆ ಮ್ಯಾಂಡೇಟ್ ನೋಂದಣಿಗೆ ಕೆಲವು ದಿನ ಹಿಡಿಯುತ್ತೆ. ಆರ್‌ಡಿಯ ಕೊನೆ ತಿಂಗಳ ಆರಂಭದಲ್ಲೇ ಕೊಟ್ಟುಬಿಡಿ, ಮಧ್ಯೆ ಒಂದು ತಿಂಗಳೂ ಖಾಲಿ ಬೀಳಬಾರದು.

ಹಾಂ, ಕೊನೆ ಕಂತು ಆದ ಮೇಲೆ ಎನ್‌ಒಸಿ ಮತ್ತು ಫಾರ್ಮ್ 35 ತಗೊಂಡು ಆರ್‌ಟಿಒದಲ್ಲಿ ಆರ್‌ಸಿ ಮೇಲಿನ ಬ್ಯಾಂಕಿನ ಹೆಸರು ತೆಗೆಸಿ. ಇನ್ಶೂರೆನ್ಸ್ ಪಾಲಿಸಿಯಲ್ಲೂ ತೆಗೆಸಿ. ಎನ್‌ಒಸಿಗೆ ಅವಧಿ ಇರುತ್ತೆ, ಬೀರುವಿನಲ್ಲಿಟ್ಟು ಮರೆಯಬೇಡಿ.