ಮೊದಲ ಕಂತು ಅರ್ಧವೇ ಆಗಬೇಕೇ?

ದೊಡ್ಡಪ್ಪ: ಮದುವೆಯ ಆಯೋಜಕರು ಕಳುಹಿಸಿದ ಪ್ರಸ್ತಾವ ಮತ್ತು ದರಪಟ್ಟಿಯನ್ನು ಇಲ್ಲಿ ಹಾಕಿದ್ದೇನೆ. ಜಾಗ, ಊಟ, ಅಲಂಕಾರ, ಫೋಟೊ-ವಿಡಿಯೊ ಮತ್ತು ಅವರ ಸೇವಾಶುಲ್ಕ ಎಲ್ಲವೂ ಅದರಲ್ಲಿ ಸೇರಿವೆ. ಒಟ್ಟು ಮೊತ್ತದಲ್ಲಿ ನೂರಕ್ಕೆ 50 ಸಹಿ ಹಾಕುವ ದಿನ, 40 ಮದುವೆಗೆ 30 ದಿನ ಮೊದಲು, ಉಳಿದ 10 ಮದುವೆಯ ದಿನ ಬೆಳಿಗ್ಗೆ ಕೊಡಬೇಕು. ನನಗೆ ಒಪ್ಪಿಗೆಯಿದೆ. ಆಕ್ಷೇಪವಿದ್ದವರು ಇಂದೇ ತಿಳಿಸಿ, ನಾಳೆ ಸಹಿ ಹಾಕುತ್ತೇನೆ.

ಅತ್ತೆ: ಅಣ್ಣ ಹೇಳಿದ್ದು ಸರಿಯಾಗಿದೆ. ಪರಿಚಯಸ್ಥರ ಮನೆಯ ಮದುವೆಯನ್ನು ಇವರು ಅಚ್ಚುಕಟ್ಟಾಗಿ ನಡೆಸಿಕೊಟ್ಟದ್ದನ್ನು ನಾನೇ ನೋಡಿದ್ದೇನೆ. ಪೈಸೆ ಪೈಸೆಗೂ ಚರ್ಚೆ ಮಾಡುತ್ತ ಕುಳಿತರೆ ಅದೇ ದಿನಾಂಕಕ್ಕೆ ಬೇರೆಯವರು ಅವರನ್ನು ಗೊತ್ತುಮಾಡಿಕೊಂಡುಬಿಡುತ್ತಾರೆ.

ಚಿಕ್ಕಪ್ಪ: ಅಣ್ಣ, ದಯವಿಟ್ಟು ನಾಳೆಯೇ ಸಹಿ ಹಾಕಬೇಡಿ. ಮೊತ್ತದ ಬಗ್ಗೆ ನನ್ನ ತಕರಾರಿಲ್ಲ, ಕಂತುಗಳ ಬಗ್ಗೆ ಇದೆ. ನೂರು ಭಾಗದಲ್ಲಿ ಜಾಗಕ್ಕೆ 20, ಊಟಕ್ಕೆ 40, ಅಲಂಕಾರಕ್ಕೆ 18, ಫೋಟೊ-ವಿಡಿಯೊಗೆ 10, ಆಯೋಜಕರ ಶುಲ್ಕಕ್ಕೆ 12 ಎಂದು ದರಪಟ್ಟಿಯಲ್ಲೇ ಇದೆ. ಸಹಿಯಾದ ವಾರದೊಳಗೆ ಯಾರು ಯಾರಿಗೆ ಎಷ್ಟು ಮುಂಗಡ ಕೊಡಬೇಕಾಗುತ್ತದೆ ಎಂದು ಇಂದು ಮಧ್ಯಾಹ್ನ ಫೋನಿನಲ್ಲಿ ಅವರನ್ನೇ ಕೇಳಿ ಬರೆದುಕೊಂಡೆ. ಜಾಗದವರಿಗೆ ಅರ್ಧ, ಅಂದರೆ 10, ಅಲಂಕಾರಕ್ಕೆ 4, ಫೋಟೊದವರಿಗೆ 3, ಅಡುಗೆಯವರಿಗೆ 4. ಒಟ್ಟು 21 ಆಯಿತು. ಅವರ ಶುಲ್ಕದಲ್ಲಿ ಮೂರನೇ ಒಂದು ಭಾಗವನ್ನೂ ಕೂಡಿಸಿದರೆ 25. ನಾವು 50 ಕೊಟ್ಟರೆ ಇನ್ನರ್ಧಕ್ಕೆ ಸದ್ಯಕ್ಕೆ ಯಾವ ಕೆಲಸವೂ ಇಲ್ಲ.

ಅತ್ತೆ: ಇರಲಿ ಬಿಡು, ಆ ಹಣವೇನು ಓಡಿಹೋಗುತ್ತದೆಯೇ? ಹೇಗಿದ್ದರೂ ನಮ್ಮ ಮದುವೆಗೇ ಖರ್ಚಾಗುತ್ತದಲ್ಲವೇ?

ಚಿಕ್ಕಪ್ಪ: ನಮ್ಮ ಮದುವೆಗೇ ಖರ್ಚಾಗುತ್ತದೆ ಎಂಬುದಕ್ಕೆ ಆ ಕಾಗದದಲ್ಲಿ ಯಾವ ಆಧಾರವೂ ಇಲ್ಲ ಅಕ್ಕ. ಹಿಂದಿನ ಮದುವೆಯ ಅಲಂಕಾರದವರಿಗೆ ಬಾಕಿ ಉಳಿದಿದ್ದರೆ ಮುಂದಿನ ಮದುವೆಯ ಮುಂಗಡದಿಂದ ಅದನ್ನು ತೀರಿಸುವುದು, ನಮ್ಮ ಸರದಿ ಬಂದಾಗ ಅದರ ಮುಂದಿನವರ ಮುಂಗಡಕ್ಕೆ ಕೈಹಾಕುವುದು ಈ ವ್ಯವಹಾರದಲ್ಲಿ ಆಗದ ಮಾತೇನಲ್ಲ. ಮೋಸ ಮಾಡುವ ಉದ್ದೇಶವೇ ಬೇಕಿಲ್ಲ, ನಡುವೆ ಒಂದು ಕಾರ್ಯಕ್ರಮ ರದ್ದಾದರೂ ಸಾಕು, ಸರಪಳಿ ತುಂಡಾಗುತ್ತದೆ. ಆಗ ಜಾಗದವರು ಮದುವೆಗೆ ಎರಡು ದಿನವಿರುವಾಗ ಬಾಕಿ ಕೇಳಿ ನಮಗೇ ಫೋನ್ ಮಾಡುತ್ತಾರೆ. ಇದನ್ನು ಮೊದಲೇ ತಿಳಿದುಕೊಳ್ಳಲು ಇರುವ ದಾರಿ ಒಂದೇ: ಮುಂಗಡ ಕೊಟ್ಟ ವಾರದೊಳಗೆ ಜಾಗದ ಬುಕಿಂಗ್ ರಸೀದಿಯನ್ನು ನಮ್ಮ ಹೆಸರು ಮತ್ತು ದಿನಾಂಕದೊಂದಿಗೆ ಕೇಳುವುದು. ಅದು ಬರಲು ತಡವಾದರೆ ಎರಡನೇ ಕಂತನ್ನು ತಡೆಹಿಡಿಯುವ ಹಕ್ಕು ನಮಗಿರಬೇಕು.

ಇನ್ನೊಂದು ವಿಷಯ. ಕೊನೆಯ ಪುಟದಲ್ಲಿ "ಮೊದಲ ಕಂತು ಯಾವ ಕಾರಣಕ್ಕೂ ಹಿಂತಿರುಗುವುದಿಲ್ಲ" ಎಂದಿದೆ. ದಿನಾಂಕ ಮುಂದೂಡಬೇಕಾಗಿ ಬಂದರೆ 25 ಕಳೆದುಕೊಳ್ಳುವುದಕ್ಕೂ 50 ಕಳೆದುಕೊಳ್ಳುವುದಕ್ಕೂ ಇರುವ ಅಂತರವನ್ನು ಯೋಚಿಸಿ.

ದೊಡ್ಡಪ್ಪ: ಹಾಗಾದರೆ ನಿನ್ನ ಲೆಕ್ಕದಲ್ಲಿ ಹೇಗೆ ಕೊಡಬೇಕು?

ಚಿಕ್ಕಪ್ಪ: ಸಹಿಯ ದಿನ 25. ರಸೀದಿಗಳನ್ನು ನೋಡಿದ ಮೇಲೆ, ಮದುವೆಗೆ 60 ದಿನವಿರುವಾಗ 30. ಊಟದ ಸಂಖ್ಯೆ ಅಂತಿಮವಾದ ಮೇಲೆ, 7 ದಿನ ಮೊದಲು 35. ಮದುವೆ ಮುಗಿದು ಪೂರ್ತಿ ಲೆಕ್ಕ ಕೈಸೇರಿದ ಮೇಲೆ 10.

ಭಾವ: ಮಾವ, ನಾನು ಕೆಲವು ಕಾಲ ಇದೇ ವೃತ್ತಿಯಲ್ಲಿದ್ದವನಾದ್ದರಿಂದ ಆಯೋಜಕರ ಪರವಾಗಿಯೂ ಒಂದು ಮಾತು ಹೇಳಬೇಕಾಗಿದೆ. ಮೊದಲ ಮೂರು ಕಂತುಗಳು ನ್ಯಾಯವಾಗಿವೆ, ಕೊನೆಯ 10ಕ್ಕೆ ಅವರು ಒಪ್ಪುವುದಿಲ್ಲ. ಅವರ ಶುಲ್ಕವೇ 12 ಆಗಿರುವಾಗ ಮದುವೆಯ ನಂತರ 10 ಬಾಕಿ ಇಡುವುದೆಂದರೆ ದುಡಿಮೆಯ ಬಹುಪಾಲನ್ನು ನಮ್ಮ ಮರ್ಜಿಗೆ ಬಿಟ್ಟಂತೆ. ಮದುವೆ ಮುಗಿದ ಮೇಲೆ ಫೋನ್ ಎತ್ತದ ಮನೆಯವರನ್ನೂ, ಒಂದು ಮೂಲೆಯಲ್ಲಿ ಹೂವು ಬಾಡಿತ್ತೆಂದು ಇಡೀ ಬಾಕಿಯನ್ನೇ ಮುರಿದುಕೊಂಡವರನ್ನೂ ನಾನು ಕಂಡಿದ್ದೇನೆ. 5 ಉಳಿಸಿಕೊಂಡು, ಯಾವ ಕಾರಣಕ್ಕೆ ಎಷ್ಟು ಕಡಿತ ಮಾಡಬಹುದು ಎಂಬುದನ್ನು ಮೊದಲೇ ಬರೆದಿಟ್ಟರೆ ಅವರು ಒಪ್ಪಿಯಾರು.

ಚಿಕ್ಕಪ್ಪ: ಅಳಿಯಂದಿರು ಹೇಳಿದ್ದನ್ನು ಒಪ್ಪುತ್ತೇನೆ. 25, 30, 40, 5 ಎಂದಾಗಲಿ. ಆದರೆ ಅಂತಿಮ ಲೆಕ್ಕವನ್ನು ಅವರು 7 ದಿನದೊಳಗೆ ಕೊಡಬೇಕು, ಅದಾದ 3 ದಿನದೊಳಗೆ ನಾವು ಹಣ ಕೊಡಬೇಕು. ಇಬ್ಬರಿಗೂ ಗಡುವು ಇರಲಿ.

ನಾನು: ನನ್ನದೇ ಮದುವೆಯಾದ್ದರಿಂದ ಸುಮ್ಮನಿರೋಣ ಎಂದುಕೊಂಡಿದ್ದೆ, ಆದರೆ ಊಟದ ಸಂಖ್ಯೆಯ ಮಾತು ಬಂದದ್ದರಿಂದ ಕೇಳುತ್ತಿದ್ದೇನೆ. ದರಪಟ್ಟಿಯಲ್ಲಿ "ಕನಿಷ್ಠ ಖಾತರಿ 400 ಜನ" ಎಂದಿದೆ. ನಾವು ಕರೆಯುತ್ತಿರುವುದೇ 400 ಜನರನ್ನು. ಅಷ್ಟೂ ಮಂದಿ ಬರುತ್ತಾರೆಯೇ?

ಭಾವ: ಒಳ್ಳೆಯ ಪ್ರಶ್ನೆ. ಖಾತರಿ ಸಂಖ್ಯೆಯನ್ನು ಕರೆದವರ ಪಟ್ಟಿಯಿಂದ ಎತ್ತಿಕೊಂಡು ಬರೆಯಬಾರದು. 340 ಜನ ಬಂದರೂ 400 ಎಲೆಗೆ ಹಣ ಕೊಡಬೇಕಾಗುತ್ತದೆ, ಏಕೆಂದರೆ ಖಾತರಿಗಿಂತ ಕೆಳಗೆ ಇಳಿಸಲು ಅವರು ಒಪ್ಪುವುದಿಲ್ಲ. ಅದೇ, 340 ಎಂದು ಬರೆಸಿ, 10 ದಿನ ಮೊದಲು ಅದೇ ದರದಲ್ಲಿ ಏರಿಸಲು ಅವಕಾಶ ಇಟ್ಟುಕೊಂಡರೆ ನಮಗೆ ನಷ್ಟವಿಲ್ಲ. ಖಾತರಿಯ ಮೇಲೆ ನೂರಕ್ಕೆ ಐದರಷ್ಟು ಅಡುಗೆಯನ್ನು ಹೆಚ್ಚಾಗಿ ಮಾಡಿರುತ್ತಾರೆಯೇ ಎಂಬುದನ್ನೂ ಕೇಳಿ ಬರೆಸಿಕೊಳ್ಳಿ. 340ಕ್ಕೆ ಅದು 17 ಜನರ ಊಟ, ಕೊನೆಯ ಪಂಕ್ತಿಯ ಆತಂಕ ಅಷ್ಟರಲ್ಲೇ ಕಳೆಯುತ್ತದೆ.

ಅತ್ತೆ: ಪಂಕ್ತಿಯಲ್ಲಿ ಊಟ ಸಾಲದೆ ಹೋದರೆ ಮಾತು ಕೇಳಬೇಕಾದವರು ನಾವು, ಅಡುಗೆಯವರಲ್ಲ. 360 ಎಂದಾದರೂ ಬರೆಸಿ.

ದೊಡ್ಡಪ್ಪ: 360 ಇರಲಿ. ಬೇರೇನಾದರೂ ಇದೆಯೇ?

ಅಣ್ಣ: ಮೂರನೇ ಪುಟದ ಕೆಳಗಡೆ ಸಣ್ಣ ಅಕ್ಷರದಲ್ಲಿ "ಹೆಚ್ಚುವರಿ ಕೆಲಸಗಳಿಗೆ ನೈಜ ಖರ್ಚಿನಂತೆ ಪ್ರತ್ಯೇಕ ಬಿಲ್ಲು" ಎಂದಿದೆ. ಯಾವುದು ಹೆಚ್ಚುವರಿ ಎಂಬುದು ಎಲ್ಲಿಯೂ ಇಲ್ಲ. ಜನರೇಟರಿನ ಡೀಸೆಲ್, ಸಾಗಾಟ, ರಾತ್ರಿ ಕೆಲಸದ ಕೂಲಿ ಇವು ಒಳಗೋ ಹೊರಗೋ ತಿಳಿಯುತ್ತಿಲ್ಲ. ಜಾಗ ನಮ್ಮ ಕೈಗೆ ಸಿಗುವುದು ಕಾರ್ಯಕ್ರಮಕ್ಕೆ 6 ಗಂಟೆ ಮೊದಲು, ವೇದಿಕೆಯ ಅಲಂಕಾರಕ್ಕೆ 10 ಗಂಟೆ ಬೇಕೆಂದು ಅದೇ ಪ್ರಸ್ತಾವದ ಎರಡನೇ ಪುಟದಲ್ಲಿದೆ. ನಡುವಿನ 4 ಗಂಟೆಯ ಬಾಡಿಗೆಯನ್ನು ಯಾರು ಕೊಡುತ್ತಾರೆ?

ಚಿಕ್ಕಪ್ಪ: ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಈ ನಾಲ್ಕನ್ನೂ ಒಪ್ಪಿದ ಮೊತ್ತದೊಳಗೇ ಸೇರಿಸಬೇಕು. ಅವರು ಒಪ್ಪದಿದ್ದರೆ ಪ್ರತಿಯೊಂದಕ್ಕೂ ಇದಕ್ಕಿಂತ ಹೆಚ್ಚಾಗದು ಎಂಬ ಮಿತಿಯನ್ನಾದರೂ ಬರೆದುಕೊಡಬೇಕು.

ಭಾವ: ಮಿತಿಯಷ್ಟೇ ಮುಖ್ಯವಾದ ಮತ್ತೊಂದಿದೆ. ಮದುವೆಯ ದಿನ ಒಬ್ಬರು ಬಾಗಿಲ ಬಳಿ ಇನ್ನೊಂದು ಸಾಲು ದೀಪ ಹಾಕಿ ಎನ್ನುತ್ತಾರೆ, ಮತ್ತೊಬ್ಬರು ಐವತ್ತು ಕುರ್ಚಿ ತರಿಸಿ ಎನ್ನುತ್ತಾರೆ. ಕೆಲಸಗಾರರು ಮನೆಯವರ ಮಾತೆಂದು ಎಲ್ಲವನ್ನೂ ಮಾಡುತ್ತಾರೆ, ಅಷ್ಟೂ ಅಂತಿಮ ಬಿಲ್ಲಿಗೆ ಬರುತ್ತದೆ. ಬಿಲ್ಲು ಸುಳ್ಳಲ್ಲ, ಹೇಳಿದವರು ಮಾತ್ರ ಯಾರೆಂದು ಸಿಗುವುದಿಲ್ಲ. ನಮ್ಮ ಕಡೆಯಿಂದ ಒಬ್ಬರೇ ಮೆಸೇಜಿನಲ್ಲಿ ಒಪ್ಪಿಗೆ ಕೊಟ್ಟ ಕೆಲಸಕ್ಕೆ ಮಾತ್ರ ಹೆಚ್ಚುವರಿ ಹಣ ಎಂದು ಷರತ್ತು ಹಾಕಿಸಿ.

ಅತ್ತೆ: ಹಾಗಾದರೆ ನಾನು ಒಂದು ಕುರ್ಚಿ ಬೇಕೆಂದರೂ ಅಪ್ಪಣೆ ಪಡೆಯಬೇಕೇ?

ಅಣ್ಣ: ಒಂದು ಕುರ್ಚಿಗೆ ಬೇಡ ಅತ್ತೆ, ಐವತ್ತಕ್ಕೆ ಬೇಕು. ಅಪ್ಪ ಆ ದಿನ ಬಂದವರನ್ನು ಮಾತಾಡಿಸುವುದರಲ್ಲೇ ಇರುತ್ತಾರೆ, ಹಾಗಾಗಿ ಒಪ್ಪಿಗೆ ಕೊಡುವ ಹೊಣೆಯನ್ನು ನಾನು ಹೊರುತ್ತೇನೆ.

ದೊಡ್ಡಪ್ಪ: ಸರಿ, ನಾಳಿನ ಸಹಿಯನ್ನು ಮುಂದಕ್ಕೆ ಹಾಕುತ್ತೇನೆ. ಕಂತು 25, 30, 40, 5. ಊಟದ ಖಾತರಿ 360. ನಿಮ್ಮ ಅಣ್ಣ ಹೇಳಿದ ನಾಲ್ಕು ಖರ್ಚುಗಳ ಮಿತಿ. ಹೆಚ್ಚುವರಿಗೆ ಒಬ್ಬರ ಒಪ್ಪಿಗೆ. ಇಷ್ಟನ್ನು ಅವರಿಗೆ ಬರೆದು ಕಳುಹಿಸುತ್ತೇನೆ. ದಿನಾಂಕ ಕೈತಪ್ಪುತ್ತದೆಂಬ ಭಯ ನಿಮ್ಮ ಅತ್ತೆಗಿದ್ದಂತೆ ನನಗೂ ಇದೆ. ಆದ್ದರಿಂದ ಒಪ್ಪಂದ ಅಂತಿಮವಾಗುವ ಮೊದಲೇ ಜಾಗದ ಮುಂಗಡವಾದ 10 ಭಾಗವನ್ನು ನಾಳೆ ನೇರವಾಗಿ ಜಾಗದವರಿಗೇ ಕಟ್ಟಿ ರಸೀದಿ ಪಡೆಯುತ್ತೇನೆ, ಅದನ್ನು ಮೊದಲ ಕಂತಿನಲ್ಲಿ ಕಳೆದುಕೊಳ್ಳಲು ಆಯೋಜಕರಿಗೆ ತಿಳಿಸುತ್ತೇನೆ.

ಚಿಕ್ಕಪ್ಪ: ಹಾಗೆ ಮಾಡಿ ಅಣ್ಣ. ರಸೀದಿಯಲ್ಲಿ ಜಾಗ ಕೈಗೆ ಸಿಗುವ ಗಂಟೆಯನ್ನೂ ಬರೆಸಿಕೊಳ್ಳಿ.