ಅರ್ಹ ಅನಾಹುತ

ನಾಣಿ ಮಗಳ ಮದುವೆಗೆ ವಿಮೆ ಮಾಡಿಸುತ್ತಿದ್ದಾನೆ ಎಂದು ಪುಟ್ಟು ಬಂದು ಹೇಳಿದಾಗ, ಹುಡುಗ ಅಷ್ಟು ಅಪಾಯಕಾರಿಯೇ ಎಂದು ಕೇಳಿದೆ.

“ಹುಡುಗನಿಗಲ್ಲವಯ್ಯಾ, ಮದುವೆಗೆ” ಎನ್ನುತ್ತಾ ನಾಣಿಯೇ ಒಳಗೆ ಬಂದ. ಕಂಕುಳಲ್ಲಿ ಹೊತ್ತಗೆಯಂಥ ಕಾಗದದ ಕಟ್ಟು. ಹಿಂದೆಯೇ ವಿಶ್ವಣ್ಣ, ಮೆಟ್ಟಿಲು ಹತ್ತಿದ ಆಯಾಸಕ್ಕೆ ಬಾಗಿಲು ಹಿಡಿದುಕೊಂಡು ನಿಂತರು.

ಈ ವಿಮೆಯ ಗೀಳು ನನಗೆ ಕಂಡರಾಗದು. ಫೋನಿಗೆ ವಿಮೆ, ಫೋನಿನ ಗಾಜಿಗೆ ಬೇರೆ ವಿಮೆ, ಪೆಟ್ಟಿಗೆ ಕಳೆದರೆ ವಿಮೆ. ಈಗ ಸಂತೋಷಕ್ಕೂ ಕಂತು ಕಟ್ಟಬೇಕು.

“ಮದುವೆ ನಿಂತುಹೋದರೆ ಖರ್ಚು ಕೊಡುತ್ತಾರೆ. ಮಂಟಪದ ಮುಂಗಡ, ಅಡುಗೆಯವರದ್ದು, ಅಲಂಕಾರದ್ದು, ಪತ್ರಿಕೆ ಅಚ್ಚು ಹಾಕಿಸಿದ್ದು, ಎಲ್ಲವೂ” ಎಂದ ನಾಣಿ.

“ಹುಡುಗಿ ಬೇಡ ಎಂದರೆ?” ಎಂದ ಪುಟ್ಟು.

“ಅದಕ್ಕೆ ಇಲ್ಲ.”

“ಬೀಗರು ಜಗಳವಾಡಿಕೊಂಡು ಎದ್ದು ಹೋದರೆ?”

“ಅದಕ್ಕೂ ಇಲ್ಲ.”

“ದಾರಿಯಲ್ಲಿ ವಾಹನ ಸಿಕ್ಕಿಹಾಕಿಕೊಂಡು ಹುಡುಗ ಮರುದಿನ ಬಂದರೆ?”

ನಾಣಿ ಪುಟ ತಿರುವಿದ. ಅದೂ ಇರಲಿಲ್ಲ.

“ಅಂದರೆ ಮದುವೆಗಳು ನಿಜವಾಗಿ ನಿಲ್ಲುವ ಕಾರಣಗಳನ್ನೆಲ್ಲ ತೆಗೆದು, ಉಳಿದವಕ್ಕೆ ಕೊಡುತ್ತಾರೆ” ಎಂದೆ. “ಮಂಟಪಕ್ಕೆ ಬರುವ ಅನಾಹುತವೂ ಅರ್ಜಿ ಹಾಕಿ, ಅರ್ಹತೆ ಪಡೆದು ಬರಬೇಕು.”

ವಿಶ್ವಣ್ಣ ನಕ್ಕರು. ಅವರು ನಿವೃತ್ತ ಸರ್ವೇಯರ್. ಬೇರೆಯವರ ಮನೆಯ ಬೂದಿ ಕೆದಕಿ, ನಷ್ಟ ಎಷ್ಟೆಂದು ಬರೆದು ಕೊಡುವುದೇ ಅವರ ಜೀವಮಾನದ ಕೆಲಸವಾಗಿತ್ತು. “ಅರ್ಹ ಅನಾಹುತ ಎನ್ನುವುದು ಇದ್ದೇ ಇದೆಯಪ್ಪಾ. ಬೆಂಕಿ ಅರ್ಹ, ಪ್ರವಾಹ ಅರ್ಹ, ಭೂಕಂಪ ಅರ್ಹ. ವಧುವೋ ವರನೋ ಅಪಘಾತವಾಗಿ ಆಸ್ಪತ್ರೆ ಸೇರಿದರೆ ಅರ್ಹ. ಮನಸ್ಸು ಬದಲಾಯಿಸುವುದು ಸಾಮಾನ್ಯವಾಗಿ ಅರ್ಹವಲ್ಲ. ತಾನೇ ಬೇಕೆಂದು ತಂದುಕೊಳ್ಳುವ ನಷ್ಟಕ್ಕೆ ಯಾರೂ ವಿಮೆ ಕೊಡುವುದಿಲ್ಲ.”

“ಅರ್ಹವಾದದ್ದು ಬಂದರೆ ಪೂರ್ತಿ ಕೊಡುತ್ತಾರಲ್ಲ?” ಎಂದ ನಾಣಿ, ತನ್ನ ಮಂಟಪಕ್ಕೆ ಬೆಂಕಿ ಬೀಳಲೆಂದು ಹಾರೈಸುವವನಂತೆ.

ವಿಶ್ವಣ್ಣ ಕಾಗದ ಮಗುಚಿ ಹಿಂಬದಿಯಲ್ಲಿ ಲೆಕ್ಕ ಹಾಕಿದರು. ಮಂಟಪದ ಬಾಡಿಗೆ ನೂರು ಪಾಲು ಎಂದುಕೊಳ್ಳೋಣ. ಅರವತ್ತು ಮುಂಗಡ ಕೊಟ್ಟಾಗಿದೆ. ಮದುವೆಗೆ ಎರಡು ದಿನವಿರುವಾಗ ವಿದ್ಯುತ್ ಹಲಗೆಯಲ್ಲಿ ಕಿಡಿ ಹಾರಿ ಸಭಾಂಗಣ ಸುಡುತ್ತದೆ. ಮಾಲೀಕ ಇಪ್ಪತ್ತೈದು ಹಿಂದಿರುಗಿಸಿ ಕೈ ಮುಗಿಯುತ್ತಾನೆ. ನಾಣಿ ಓಡಾಡಿ ನೂರಮೂವತ್ತಕ್ಕೆ ಇನ್ನೊಂದು ಮಂಟಪ ಹಿಡಿಯುತ್ತಾನೆ.

“ಹಿಂದಿರುಗಿ ಬಾರದ ಮೂವತ್ತೈದು, ಹೊಸದಕ್ಕೆ ನೂರಮೂವತ್ತು, ಒಟ್ಟು ನೂರರವತ್ತೈದು. ಬೆಂಕಿ ಬೀಳದಿದ್ದರೂ ನೂರು ಖರ್ಚಾಗುತ್ತಿತ್ತು. ಹಾಗಾಗಿ ನಿನ್ನ ನಷ್ಟ ಅರವತ್ತೈದು. ಮೊದಲ ಹತ್ತು ನೀನೇ ಹೊರಬೇಕು ಎಂದು ಪಾಲಿಸಿಯಲ್ಲಿ ಬರೆದಿದ್ದರೆ, ಕೈಗೆ ಬರುವುದು ಐವತ್ತೈದು. ಅದೂ ಆ ಬಾಬತ್ತಿಗೆ ಇಟ್ಟ ಮಿತಿ ಅಷ್ಟಿದ್ದರೆ, ಅರವತ್ತಕ್ಕೂ ರಸೀದಿ ಇದ್ದರೆ.”

“ರಸೀದಿ?” ನಾಣಿಯ ಮುಖ ಇಳಿಯಿತು. “ಅವರು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ.”

“ಚೀಟಿಯನ್ನು ಸರ್ವೇಯರ್ ಓದುತ್ತಾನೆ, ಮೆಚ್ಚುತ್ತಾನೆ, ಪಕ್ಕಕ್ಕೆ ಇಡುತ್ತಾನೆ” ಎಂದೆ.

ಪುಟ್ಟು ಸುಮ್ಮನಿರಲಿಲ್ಲ. ಬೆಂಕಿಯಿಲ್ಲ, ಮಂಟಪ ಕಲ್ಲಿನಂತೆ ನಿಂತಿದೆ, ಆದರೆ ಮಾಲೀಕ ಅದೇ ದಿನವನ್ನು ಇನ್ನೊಬ್ಬರಿಗೂ ಕೊಟ್ಟುಬಿಟ್ಟಿದ್ದರೆ ಎಂದು ಕೇಳಿದ. ಸಾಮಾನ್ಯವಾಗಿ ಅದು ಅನರ್ಹ ಎಂದರು ವಿಶ್ವಣ್ಣ. ಮಾಲೀಕನ ಮೋಸಕ್ಕೂ ಮರೆವಿಗೂ ಕರಾರುಪತ್ರ ಹಿಡಿದು ಮಾಲೀಕನ ಬಳಿಗೇ ಹೋಗಬೇಕು. ಹೀಗಾಗಿ ನಾಣಿ ಮಂಟಪವಿಲ್ಲದೆ ಬೀದಿಯಲ್ಲಿ ನಿಂತಿರುವುದು ಎರಡೂ ಕಡೆ ಒಂದೇ. ಒಂದು ಕಡೆ ಮಾತ್ರ ಹೊಗೆಯಿರುತ್ತದೆ.

“ಆಗಲಿ, ಮದುವೆ ನಡೆಯಿತು. ಮಂಟಪಕ್ಕೆ ನಮ್ಮಿಂದ ಏನಾದರೂ ಹಾನಿಯಾದರೆ ಹೊಣೆಗಾರಿಕೆಯ ವಿಮೆ ಇದೆ” ಎಂದು ನಾಣಿ ಒಂದು ಪುಟದ ಮೇಲೆ ಬೆರಳಿಟ್ಟ. “ಇಲ್ಲಿ ನೋಡಿ, ಮೂರನೆಯವರ ಆಸ್ತಿಗೆ ಆದ ಹಾನಿ.”

“ಆ ಬೆರಳನ್ನು ಹಾಗೇ ಎರಡು ಪುಟ ಮುಂದೆ ತಾ” ಎಂದರು ವಿಶ್ವಣ್ಣ.

ನಾಣಿ ಗಟ್ಟಿಯಾಗಿ ಓದಿದ. ವಿಮೆ ಮಾಡಿಸಿದವರ ವಶದಲ್ಲಿ, ಸುಪರ್ದಿಯಲ್ಲಿ ಅಥವಾ ಹತೋಟಿಯಲ್ಲಿ ಇರುವ ಆಸ್ತಿಯ ಹಾನಿಗೆ ಅನ್ವಯಿಸುವುದಿಲ್ಲ.

“ಬೀಗದ ಕೈ ಯಾರ ಹತ್ತಿರ ಇರುತ್ತದೆ, ಆ ಎರಡು ದಿನ?”

“ನನ್ನ ಹತ್ತಿರ.”

“ಅಲ್ಲಿಗೆ ಆ ಮಂಟಪ ನಿನ್ನ ಸುಪರ್ದಿ. ನಿನ್ನ ಪಟಾಕಿ ಹಾರಿ ಪಕ್ಕದ ಮನೆಯ ಕಿಟಕಿ ಒಡೆದರೆ ಕ್ಲೇಮು ಆಗಬಹುದು. ಮಂಟಪದ್ದೇ ಕಿಟಕಿ ಒಡೆದರೆ ಆಗುವುದಿಲ್ಲ. ಬಾಡಿಗೆಗೆ ಪಡೆದ ಕಟ್ಟಡಕ್ಕೂ ಅನ್ವಯವಾಗಲಿ ಎಂದು ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕು. ಬಹಳ ಜನಕ್ಕೆ ಇದು ಗೊತ್ತಾಗುವುದು ಕ್ಲೇಮು ತಿರಸ್ಕೃತವಾದ ಪತ್ರ ಓದಿದಾಗ.”

“ಹಾಗಾದರೆ ಒಡೆಯುವುದಿದ್ದರೆ ಪಕ್ಕದ ಮನೆಯದ್ದನ್ನೇ ಒಡೆಯಿರಿ ಎಂದು ಪತ್ರಿಕೆಯಲ್ಲಿ ಅಚ್ಚು ಹಾಕಿಸು” ಎಂದೆ.

ವಿಶ್ವಣ್ಣ ಹಳೆಯದೊಂದು ಪ್ರಕರಣ ನೆನೆದರು. ಅಲಂಕಾರದವನು ತೇಗದ ಹಲಗೆಯ ಗೋಡೆಗೆ ಮೊಳೆ ಹೊಡೆದು ಹೂವಿನ ಪರದೆ ಕಟ್ಟಿದ್ದ. ಬೆಳಗ್ಗೆ ಪರದೆ ಬಿಚ್ಚಿದರೆ ಸಾಲಾಗಿ ಹದಿನಾಲ್ಕು ತೂತು. ಮಾಲೀಕ ಇಡೀ ಗೋಡೆಯ ಹಣವನ್ನು ಠೇವಣಿಯಿಂದ ಮುರಿದುಕೊಂಡ. ಹತ್ತಿರ ಹೋಗಿ ನೋಡಿದರೆ ಐದು ತೂತುಗಳ ಒಳಗೆ ಜೇಡನ ಬಲೆ ಇತ್ತು.

“ಒಂದೇ ರಾತ್ರಿಯಲ್ಲಿ ಯಾವ ಜೇಡವೂ ಅಷ್ಟು ದುಡಿಯುವುದಿಲ್ಲ. ಹಳೆಯ ತೂತು ಯಾರದ್ದೋ, ಹಣ ಇವರದ್ದು. ಕೈ ಸೇರಿದ ದಿನವೇ ಮಾಲೀಕನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಗೋಡೆ, ನೆಲ, ಗಾಜು, ಕುರ್ಚಿ ಎಲ್ಲದರ ಫೋಟೊ ತೆಗೆದಿದ್ದರೆ ಜಗಳವೇ ಇರುತ್ತಿರಲಿಲ್ಲ. ಉಳಿದ ಒಂಬತ್ತಕ್ಕೆ ಅಲಂಕಾರದವನನ್ನು ಕೇಳಬಹುದಿತ್ತು. ಅವನ ಕರಾರಿನಲ್ಲಿ ಹಾನಿಯ ಮಾತೇ ಇರಲಿಲ್ಲ.”

ನಾಣಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಪ್ರಸ್ತಾವನೆಯ ಅರ್ಜಿ ಹೊರತೆಗೆದ. ಯಾರ ಸಾವು ಅಥವಾ ಕಾಯಿಲೆಯಿಂದ ಮದುವೆ ನಿಂತರೆ ಹಣ ಬರುತ್ತದೆಯೋ ಅವರ ಹೆಸರುಗಳನ್ನು ಬರೆಯುವ ಪುಟ ಅದು. ವಧು, ವರ, ಇಬ್ಬರ ತಂದೆ ತಾಯಿ, ಒಡಹುಟ್ಟಿದವರು ಎಂದು ಅಚ್ಚಾಗಿತ್ತು.

“ಇದರಲ್ಲಿ ನಾವು ಯಾರೂ ಇಲ್ಲ” ಎಂದ ಪುಟ್ಟು.

“ಅಂದರೆ ನಮಗೆ ಸಾಯುವ ಅರ್ಹತೆಯೂ ಇಲ್ಲ. ಮದುವೆ ಮುಗಿಯುವವರೆಗೆ ತಡೆದುಕೊಳ್ಳಬೇಕು” ಎಂದೆ.

ಎಲ್ಲರೂ ನಕ್ಕೆವು. ನಾಣಿ ನಗಲಿಲ್ಲ. ಅವನ ಮಗಳಿಗೆ ಸೈಕಲ್ ಕಲಿಸಿದವರು ವಿಶ್ವಣ್ಣ. ನಾಣಿ ಊರೂರು ತಿರುಗುವ ಕೆಲಸದಲ್ಲಿದ್ದ ಆರು ವರ್ಷ ಅವಳ ಶಾಲೆಯ ಅಂಕಪಟ್ಟಿಗೆ ಸಹಿ ಹಾಕಿದವರೂ ಅವರೇ. ಅಚ್ಚಾದ ಸಾಲುಗಳ ಕೆಳಗೆ ಉಳಿದಿದ್ದ ಖಾಲಿ ಸಾಲಿನಲ್ಲಿ ನಾಣಿ ಅವರ ಹೆಸರು ಬರೆಯತೊಡಗಿದ.

“ಬೇಡವೋ” ಎಂದರು ವಿಶ್ವಣ್ಣ. “ಒಪ್ಪಿದರೂ ಉಪಯೋಗವಿಲ್ಲ. ನನ್ನ ಎದೆಯದ್ದು ಹಳೆಯ ಕಾಯಿಲೆ. ಮೊದಲೇ ಇದ್ದ ಕಾಯಿಲೆ ಹೊರಗೆ ಎಂದು ಕೊನೆಯ ಪುಟದಲ್ಲಿದೆ ನೋಡು. ನಾನು ಹೋದರೂ ನೀನು ಮದುವೆ ನಡೆಸಲೇಬೇಕು.”

ನಾಣಿ ಹೆಸರು ಪೂರ್ತಿ ಬರೆದ. ಪಕ್ಕದ ಚೌಕದಲ್ಲಿ ‘ವಧುವಿಗೆ ಸಂಬಂಧ’ ಎಂದಿತ್ತು. ಪೆನ್ನು ಅಲ್ಲಿ ನಿಂತಿತು. ನನ್ನ ಕಡೆ ನೋಡಿದ. ಎಲ್ಲದಕ್ಕೂ ಒಂದು ಮಾತು ಇಟ್ಟುಕೊಂಡಿರುವವನು ನಾನು. ಆ ಚೌಕದಲ್ಲಿ ಹಿಡಿಸುವಂಥದ್ದು ಒಂದೂ ಹೊಳೆಯಲಿಲ್ಲ.